ಕಿವಿಯೊಳಗಿನ ಸರ್ಪಸುತ್ತು: ಮುಖದ ನರಕ್ಕೆ ಉಳಿದಿರುವ ಮೂರು ದಿನ

ಐವತ್ತೆಂಟು ವರ್ಷದ ಒಬ್ಬ ಅಡಿಕೆ ಬೆಳೆಗಾರರನ್ನು ಕಲ್ಪಿಸಿಕೊಳ್ಳೋಣ. ಅವರಿಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಮಾತ್ರೆಯಿಂದ ಅದು ಹತೋಟಿಯಲ್ಲಿದೆ. ಒಂದು ಸೋಮವಾರ ಬೆಳಗ್ಗೆ ಅವರ ಬಲಗಿವಿಯ ಆಳದಲ್ಲಿ ನೋವು ಶುರುವಾಗುತ್ತದೆ. ನೆಗಡಿಯಿಲ್ಲ, ಕಿವಿ ಸೋರುತ್ತಿಲ್ಲ, ಜ್ವರವಂತೂ ಇಲ್ಲವೇ ಇಲ್ಲ. ಆದರೂ ಯಾರೋ ಕಾದ ಸೂಜಿಯಿಂದ ಚುಚ್ಚುತ್ತಿರುವಂತಹ, ಕಿವಿಯಿಂದ ಹಿಂದಲೆಯವರೆಗೆ ಎಳೆಯುವಂತಹ ಉರಿನೋವು. ಮಂಗಳವಾರ ಔಷಧಿ ಅಂಗಡಿಯಿಂದ ಹನಿಮದ್ದು ತಂದು ಕಿವಿಗೆ ಬಿಡುತ್ತಾರೆ. ಬುಧವಾರ ಸಂಜೆ ಕಿವಿಯ ಬಟ್ಟಲಿನಂತಹ ತಗ್ಗಿನಲ್ಲಿ, ರಂಧ್ರದ ಬಾಯಿಯ ಬಳಿಯಲ್ಲೇ, ಸಾಸಿವೆ ಕಾಳಿನಷ್ಟು ಗಾತ್ರದ ನಾಲ್ಕೈದು ನೀರುಗುಳ್ಳೆಗಳು ಕಾಣಿಸಿಕೊಂಡಿರುವುದನ್ನು ಹೆಂಡತಿ ಗಮನಿಸುತ್ತಾರೆ. ಹನಿಮದ್ದು ಒಗ್ಗಲಿಲ್ಲವೇನೋ, ಹುಳ ಕಚ್ಚಿತೇನೋ ಎಂದುಕೊಂಡು ಇಬ್ಬರೂ ಸುಮ್ಮನಾಗುತ್ತಾರೆ. ಗುರುವಾರ ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲತುದಿಯಿಂದ ತಾನಾಗಿಯೇ ಸೋರುತ್ತದೆ, ಮುಖ ತೊಳೆಯುವಾಗ ಸೋಪಿನ ನೊರೆ ಬಲಗಣ್ಣಿಗೆ ಇಳಿಯುತ್ತದೆ. ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಸೊಟ್ಟಗಾಗಿದೆ.

ಇದು ಕಿವಿಯ ಸೋಂಕೂ ಅಲ್ಲ, ಮಿದುಳಿನ ಆಘಾತವೂ ಅಲ್ಲ. ನಮ್ಮಲ್ಲಿ ಸರ್ಪಸುತ್ತು ಎಂದು ಕರೆಯುವ ಕಾಯಿಲೆಯೇ, ಎದೆ ಅಥವಾ ಸೊಂಟದ ಸುತ್ತ ಬರುವ ಬದಲು, ಮುಖವನ್ನು ಆಡಿಸುವ ನರದ ಮೇಲೆ ಬಂದಿದೆ. ಅಮೆರಿಕದ ನರರೋಗ ತಜ್ಞ ಜೇಮ್ಸ್ ರ‍್ಯಾಮ್ಸೆ ಹಂಟ್ 1907ರಲ್ಲಿ ಕಿವಿಯ ಗುಳ್ಳೆ ಮತ್ತು ಮುಖದ ಸೋಲು ಎಂಬ ಈ ಜೋಡಿಯನ್ನು ವಿವರಿಸಿ, ಎರಡಕ್ಕೂ ಮೂಲ ಒಂದೇ ನರದ ಗಂಟಿನಲ್ಲಿದೆ ಎಂದು ವಾದಿಸಿದರು. ಅವರ ಹೆಸರಿನಲ್ಲೇ ಇದನ್ನು ರ‍್ಯಾಮ್ಸೆ ಹಂಟ್ ಸಿಂಡ್ರೋಮ್ ಎನ್ನುತ್ತಾರೆ. 2022ರ ಜೂನ್‌ನಲ್ಲಿ ಗಾಯಕ ಜಸ್ಟಿನ್ ಬೀಬರ್ ತಮ್ಮ ಮುಖದ ಅರ್ಧಭಾಗ ಅಲುಗಾಡುತ್ತಿಲ್ಲವೆಂದು ವಿಡಿಯೊದಲ್ಲಿ ತೋರಿಸಿದಾಗ ಈ ಹೆಸರು ಅನೇಕರ ಕಿವಿಗೆ ಮೊದಲ ಬಾರಿಗೆ ಬಿತ್ತು. ಕಾಯಿಲೆ ಅಪರೂಪವೇ; ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಐದು ಮಂದಿಗೆ ಬರುತ್ತದೆಂಬ ಅಂದಾಜಿದೆ. ಆದರೆ ಬಂದವರ ಮುಖ ಮುಂದೆ ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಮೊದಲ ಕೆಲವು ದಿನಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಈ ಕಾಯಿಲೆ ತರುವ ವೈರಸ್ಸು ಹೊರಗಿನಿಂದ ಹೊಸದಾಗಿ ಬಂದದ್ದಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬು, ಅಂದರೆ ಮನೆಮಂದಿ ‘ಅಮ್ಮ ಆಗಿದೆ’ ಎಂದು ಹೇಳುವ ಚಿಕನ್‌ಪಾಕ್ಸ್, ಬಂದುಹೋದವರಲ್ಲಿ ಅದೇ ವೈರಸ್ಸು ಚರ್ಮದಿಂದ ನರಗಳ ಎಳೆಗಳ ಮೂಲಕ ಹಿಂದಕ್ಕೆ ಸಾಗಿ, ಬೆನ್ನುಹುರಿ ಮತ್ತು ಮಿದುಳಿನ ಬುಡದ ಬಳಿ ಇರುವ ನರಕೋಶಗಳ ಗಂಟುಗಳಲ್ಲಿ ಸದ್ದಿಲ್ಲದೆ ನೆಲೆಸಿರುತ್ತದೆ. ಅಲ್ಲಿ ಅದು ಬೆಳೆಯುವುದಿಲ್ಲ, ತನ್ನ ಪ್ರತಿಗಳನ್ನು ಮಾಡಿಕೊಳ್ಳುವುದಿಲ್ಲ. ದೇಹದ ರೋಗನಿರೋಧಕ ಕೋಶಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ವಯಸ್ಸು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ದೀರ್ಘಕಾಲದ ಸ್ಟೀರಾಯ್ಡ್, ಎಚ್‌ಐವಿ ಇಂತಹ ಯಾವುದಾದರೂ ಕಾರಣದಿಂದ, ಕೆಲವೊಮ್ಮೆ ಕಣ್ಣಿಗೆ ಕಾಣುವ ಯಾವ ಕಾರಣವೂ ಇಲ್ಲದೆ, ಆ ಕಾವಲು ಸಡಿಲವಾದಾಗ ಒಂದು ಗಂಟಿನಲ್ಲಿ ವೈರಸ್ಸು ಎಚ್ಚರಗೊಳ್ಳುತ್ತದೆ. ಅದು ಬೆನ್ನಿನ ಗಂಟಾದರೆ ಪಕ್ಕೆಯ ಒಂದು ಬದಿಯಲ್ಲಿ ಪಟ್ಟಿಯಂತೆ ಗುಳ್ಳೆಗಳು ಏಳುತ್ತವೆ. ಸರ್ಪದ ತಲೆಬಾಲ ಕೂಡಿ ಸುತ್ತು ಪೂರ್ತಿಯಾದರೆ ಜೀವಕ್ಕೆ ಅಪಾಯ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಬಹಳ ಹಳೆಯದು. ವಾಸ್ತವದಲ್ಲಿ ಒಂದು ಬದಿಯ ನರ ದೇಹದ ನಡುಗೆರೆಯನ್ನು ದಾಟಿ ಹೋಗುವುದಿಲ್ಲವಾದ್ದರಿಂದ ಗುಳ್ಳೆಗಳ ಪಟ್ಟಿ ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಬೆಳೆಗಾರರಲ್ಲಿ ವೈರಸ್ಸು ಎದ್ದದ್ದು ಮುಖದ ನರದ ಗಂಟಿನಲ್ಲಿ. ಈ ನರವು ಕಿವಿಯ ಒಳಗೆ ಒಂದೆಡೆ ಮೊಣಕಾಲಿನಂತೆ ಮಡಿಚಿಕೊಳ್ಳುತ್ತದೆ, ಆ ಮಡಿಕೆಯಲ್ಲೇ ಗಂಟು ಇದೆ. ವೈದ್ಯರು ಅದನ್ನು ಜೆನಿಕ್ಯುಲೇಟ್ ಗ್ಯಾಂಗ್ಲಿಯಾನ್ ಎನ್ನುತ್ತಾರೆ. ಮುಖದ ನರ ಎಂದೊಡನೆ ನಾವು ಹುಬ್ಬು, ರೆಪ್ಪೆ, ತುಟಿಗಳನ್ನು ಆಡಿಸುವ ಎಳೆಗಳನ್ನಷ್ಟೇ ನೆನೆಯುತ್ತೇವೆ. ಆದರೆ ಅದೇ ಕಟ್ಟಿನಲ್ಲಿ ಕಿವಿಯ ಬಟ್ಟಲಿನ ಚರ್ಮದಿಂದ ಸ್ಪರ್ಶ ತರುವ ಕೆಲವು ಎಳೆಗಳೂ, ನಾಲಿಗೆಯ ಮುಂದಿನ ಮೂರನೆಯ ಎರಡು ಭಾಗದಿಂದ ರುಚಿ ತರುವ ಎಳೆಗಳೂ, ಕಣ್ಣೀರಿನ ಗ್ರಂಥಿಗೆ ಅಪ್ಪಣೆ ಒಯ್ಯುವ ಎಳೆಗಳೂ ಸೇರಿವೆ. ಗಂಟಿನಲ್ಲಿ ಹುಟ್ಟಿದ ಹೊಸ ವೈರಸ್ಸುಗಳು ಸ್ಪರ್ಶದ ಎಳೆಗಳ ಗುಂಟ ಹೊರಕ್ಕೆ ಬಂದು ಕಿವಿಯ ಬಟ್ಟಲಿನಲ್ಲಿ ಗುಳ್ಳೆಯಾಗುತ್ತವೆ, ಕೆಲವರಲ್ಲಿ ನಾಲಿಗೆಯ ಮೇಲೋ ಅಂಗುಳದ ಮೇಲೋ ಗುಳ್ಳೆಯಾಗುತ್ತವೆ. ಹಾಗಾಗಿಯೇ ಈ ರೋಗಿಗಳಲ್ಲಿ ಕೆಲವರು ಸಾರಿನಲ್ಲಿ ಉಪ್ಪೇ ಇಲ್ಲವೆಂದು ದೂರುತ್ತಾರೆ. ಅರ್ಧ ನಾಲಿಗೆಯ ರುಚಿ ನಿಜವಾಗಿಯೂ ಹೋಗಿರುತ್ತದೆ. ಮುಖದ ಸೋಲಿಗಿಂತ ಒಂದೆರಡು ದಿನ ಮೊದಲೇ ಕಿವಿನೋವು ಬರಲು ಕಾರಣವೂ ಇದೇ: ಉರಿಯೂತ ಮೊದಲು ಗಂಟಿನಲ್ಲಿ ಹತ್ತಿಕೊಳ್ಳುತ್ತದೆ, ಪಕ್ಕದ ಚಲನೆಯ ಎಳೆಗಳಿಗೆ ಆಮೇಲೆ ಹಬ್ಬುತ್ತದೆ.

ಈ ಹಬ್ಬುವಿಕೆ ಇಷ್ಟು ಕೆಡುಕು ಮಾಡುವುದೇಕೆ ಎಂಬುದಕ್ಕೆ ಉತ್ತರ ನರದ ದಾರಿಯಲ್ಲಿದೆ. ಮಿದುಳಿನಿಂದ ಹೊರಟ ಮುಖದ ನರ ಕೆನ್ನೆಯನ್ನು ತಲುಪುವ ಮೊದಲು ಕಿವಿಯ ಸುತ್ತಲಿನ ಗಟ್ಟಿ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಸಾಗಬೇಕು. ಆ ಕೊಳವೆಯ ಅತ್ಯಂತ ಕಿರಿದಾದ ಬಾಯಿ ಗಂಟಿಗಿಂತ ಸ್ವಲ್ಪ ಹಿಂದೆಯೇ ಇದ್ದು, ಅದರ ಅಗಲ ಒಂದು ಮಿಲಿಮೀಟರಿಗೂ ಕಡಿಮೆ, ಸುಮಾರು 0.7 ಮಿಲಿಮೀಟರ್. ಕೈಗೋ ಕಾಲಿಗೋ ಹೋಗುವ ನರ ಊದಿಕೊಂಡರೆ ಸುತ್ತಲಿನ ಮೆತ್ತನೆಯ ಮಾಂಸ ಜಾಗ ಬಿಟ್ಟುಕೊಡುತ್ತದೆ. ಮೂಳೆ ಬಿಟ್ಟುಕೊಡುವುದಿಲ್ಲ. ಊದಿದ ನರ ಗೋಡೆಗೆ ಒತ್ತಿಕೊಂಡಾಗ ಮೊದಲು ಅದರ ಸಣ್ಣ ರಕ್ತನಾಳಗಳು ಮುಚ್ಚುತ್ತವೆ. ರಕ್ತ ಸಿಗದ ನರ ಇನ್ನಷ್ಟು ಊದುತ್ತದೆ, ಊದಿದಷ್ಟೂ ಇನ್ನಷ್ಟು ಒತ್ತಡ. ಅಂದರೆ ನರಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತಿದೆ: ಒಳಗಿನಿಂದ ವೈರಸ್ಸು, ಹೊರಗಿನಿಂದ ಮೂಳೆಯ ಇಕ್ಕಟ್ಟು. ಇದೇ ಕೊಳವೆಯ ಬುಡದಲ್ಲಿ, ಒಂದೇ ಬಾಗಿಲಿನಿಂದ ಒಳಬರುವ ನೆರೆಯವನಂತೆ, ಶ್ರವಣ ಮತ್ತು ಸಮತೋಲನದ ನರವೂ ಇರುತ್ತದೆ. ಉರಿಯೂತ ಅದಕ್ಕೂ ದಾಟಿದರೆ ಕಿವಿ ಮಂದವಾಗುತ್ತದೆ, ಒಳಗೆ ಗುಂಯ್ ಎಂಬ ಸದ್ದು ಶುರುವಾಗುತ್ತದೆ, ಮಲಗಿದ್ದರೂ ಕೋಣೆ ತಿರುಗುವಂತಹ ತಲೆಸುತ್ತು ಮತ್ತು ವಾಂತಿ ಬರುತ್ತವೆ.

ಗುರುವಾರ ಬೆಳಗ್ಗೆ ಬಾಯಿ ಸೊಟ್ಟಗಾದ ಕೂಡಲೇ ಮನೆಯವರಿಗೆ ಹೊಳೆಯುವುದು ಲಕ್ವ. ಆ ಭಯ ತಪ್ಪಲ್ಲ, ಆಸ್ಪತ್ರೆಗೆ ಓಡಿಸುತ್ತದೆ ಎಂಬ ಕಾರಣಕ್ಕೆ ಉಪಯುಕ್ತವೂ ಹೌದು. ಕೈಕಾಲಿನ ಬಲ ಕುಗ್ಗಿದ್ದರೆ, ಮಾತು ತೊದಲುತ್ತಿದ್ದರೆ ಅಥವಾ ಅರ್ಥವಾಗದಂತಿದ್ದರೆ, ಎರಡೆರಡು ಕಾಣುತ್ತಿದ್ದರೆ, ಬೇರೇನನ್ನೂ ಯೋಚಿಸದೆ ಅದನ್ನು ಮಿದುಳಿನ ಆಘಾತವೆಂದೇ ಭಾವಿಸಿ ತುರ್ತು ವಿಭಾಗಕ್ಕೆ ಹೋಗಬೇಕು. ವೈದ್ಯರು ಅಲ್ಲಿ ಮಾಡುವ ಮೊದಲ ಪರೀಕ್ಷೆ ಬಹಳ ಸರಳ: ಹುಬ್ಬು ಮೇಲೆತ್ತಿ, ಹಣೆಯಲ್ಲಿ ನೆರಿಗೆ ಬರಲಿ ಎನ್ನುತ್ತಾರೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುವುದರಿಂದ, ಮಿದುಳಿನ ಒಂದು ಬದಿಗೆ ಆಘಾತವಾದರೂ ಸಾಮಾನ್ಯವಾಗಿ ಹಣೆ ನೆರಿಗೆ ಕಟ್ಟುತ್ತದೆ, ಬಾಯಿ ಮಾತ್ರ ಸೊಟ್ಟಗಾಗುತ್ತದೆ. ಆದರೆ ನರವೇ ಕೆಟ್ಟಾಗ ಆ ಬದಿಯ ಹಣೆ, ಕಣ್ಣು, ಬಾಯಿ ಮೂರೂ ಸೋಲುತ್ತವೆ. ನಮ್ಮ ಬೆಳೆಗಾರರ ಬಲಹಣೆ ಇಸ್ತ್ರಿ ಮಾಡಿದ ಬಟ್ಟೆಯಂತೆ ನುಣುಪಾಗಿದೆ, ಬಲಗಣ್ಣು ಮುಚ್ಚಲು ಯತ್ನಿಸಿದರೆ ರೆಪ್ಪೆಗಳ ನಡುವೆ ಬಿಳಿಗುಡ್ಡೆ ಕಾಣುತ್ತದೆ. ಹಾಗಿದ್ದರೂ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿಕೊಂಡು ‘ಇದು ಲಕ್ವ ಅಲ್ಲ’ ಎಂದು ನಿಶ್ಚಿಂತರಾಗಿ ಕೂರುವಂತಿಲ್ಲ. ಮಿದುಳಿನ ಕಾಂಡದ ಕೆಲವು ಆಘಾತಗಳು ಹಣೆಯನ್ನೂ ಸೋಲಿಸಬಲ್ಲವು.

ಎರಡನೆಯ ಹೆಜ್ಜೆಯಲ್ಲೇ ಹೆಚ್ಚಿನ ತಪ್ಪುಗಳು ಆಗುತ್ತವೆ ಎಂದು ನನಗನಿಸುತ್ತದೆ. ಹಣೆಯೂ ಸೋತಿದೆ, ಹಾಗಾದರೆ ಇದು ಸ್ಪಷ್ಟ ಕಾರಣವಿಲ್ಲದೆ ಮುಖದ ನರ ಸೋಲುವ ಬೆಲ್ಸ್ ಪಾಲ್ಸಿ ಎಂದು ಬರೆದು, ಸ್ಟೀರಾಯ್ಡ್ ಮಾತ್ರೆ ಕೊಟ್ಟು, ‘ತಾನಾಗಿ ಸರಿಹೋಗುತ್ತದೆ’ ಎಂದು ಕಳುಹಿಸುವುದು ಸುಲಭ. ಬೆಲ್ಸ್ ಪಾಲ್ಸಿಯಲ್ಲಿ ಆ ಮಾತು ಬಹಳಮಟ್ಟಿಗೆ ನಿಜ. ಚಿಕಿತ್ಸೆಯಿಲ್ಲದೆಯೂ ಹತ್ತರಲ್ಲಿ ಏಳು ಮಂದಿ ಪೂರ್ತಿ ಗುಣವಾಗುತ್ತಾರೆ, ಸ್ಟೀರಾಯ್ಡ್ ಕೊಟ್ಟರೆ ಆ ಸಂಖ್ಯೆ ಇನ್ನೂ ಏರುತ್ತದೆ, ವೈರಸ್ ನಿರೋಧಕ ಔಷಧದಿಂದ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ರ‍್ಯಾಮ್ಸೆ ಹಂಟ್‌ನಲ್ಲಿ ನರ ಹೆಚ್ಚು ತೀವ್ರವಾಗಿ ಕೆಡುತ್ತದೆ, ತಾನಾಗಿ ಪೂರ್ತಿ ಗುಣವಾಗುವವರು ಅದಕ್ಕಿಂತ ಬಹಳ ಕಡಿಮೆ. ಇವೆರಡನ್ನೂ ಬೇರ್ಪಡಿಸಲು ಬೇಕಾದದ್ದು ಒಂದು ಟಾರ್ಚು ಮತ್ತು ಎರಡು ನಿಮಿಷ. ಕಿವಿಯ ಬಟ್ಟಲನ್ನು, ಕಿವಿಯ ಹಿಂಭಾಗವನ್ನು, ಉಪಕರಣ ಇಟ್ಟು ರಂಧ್ರದ ಒಳಗೋಡೆಯನ್ನು, ಬಾಯಿ ತೆರೆಸಿ ಅಂಗುಳ ಮತ್ತು ನಾಲಿಗೆಯನ್ನು ನೋಡಬೇಕು. ಗುಳ್ಳೆಗಳು ಎರಡು ಮೂರೇ ಇರಬಹುದು, ಒಡೆದು ಬರೀ ಹಕ್ಕಳೆ ಉಳಿದಿರಬಹುದು, ಹನಿಮದ್ದು ಅಥವಾ ಹಚ್ಚಿದ ಲೇಪದ ಕೆಳಗೆ ಮುಚ್ಚಿಹೋಗಿರಬಹುದು. ಇನ್ನೂ ತೊಡಕಿನ ಸಂಗತಿಯೆಂದರೆ, ಕೆಲವರಲ್ಲಿ ಮುಖ ಸೋತ ಕೆಲವು ದಿನಗಳ ನಂತರವೇ ಗುಳ್ಳೆ ಏಳುತ್ತದೆ, ಮತ್ತೆ ಕೆಲವರಲ್ಲಿ ಗುಳ್ಳೆ ಏಳುವುದೇ ಇಲ್ಲ. ಆದ್ದರಿಂದ ಮುಖ ಸೋಲುವ ಮುಂಚೆ ಕಿವಿಯಲ್ಲಿ ತಡೆಯಲಾರದ ಉರಿನೋವು ಇತ್ತೇ, ಕಿವಿ ಮಂದವಾಗಿದೆಯೇ, ತಲೆ ಸುತ್ತುತ್ತಿದೆಯೇ ಎಂದು ಕೇಳುವುದು ಟಾರ್ಚಿನಷ್ಟೇ ಮುಖ್ಯ. ಬೆಲ್ಸ್ ಪಾಲ್ಸಿಯಲ್ಲಿ ಕಿವಿಯ ಹಿಂದೆ ಸಣ್ಣ ನೋವು ಇರುವುದುಂಟು, ಆದರೆ ರಾತ್ರಿ ನಿದ್ದೆಗೆಡಿಸುವ ನೋವು, ಕಿವುಡು, ತಲೆಸುತ್ತು ಇವು ಸರ್ಪಸುತ್ತಿನ ಕಡೆಗೆ ಬೆರಳು ತೋರಿಸುತ್ತವೆ. ಅನುಮಾನ ಉಳಿದರೆ ಗುಳ್ಳೆಯ ನೀರಿನಲ್ಲಿ ವೈರಸ್ಸಿನ ಗುರುತನ್ನು ಪಿಸಿಆರ್ ಪರೀಕ್ಷೆಯಿಂದ ಹುಡುಕಬಹುದು, ಆದರೆ ಆ ವರದಿಗೆ ಕಾದು ಔಷಧವನ್ನು ತಡೆಹಿಡಿಯಬಾರದು.

ಸಕ್ಕರೆ ಕಾಯಿಲೆ ಇರುವವರಲ್ಲಿ ಎದುರು ದಿಕ್ಕಿನ ತಪ್ಪೂ ಸಾಧ್ಯ. ವಾರಗಟ್ಟಲೆ ಕಿವಿ ಸೋರಿ, ಬ್ಯಾಕ್ಟೀರಿಯಾ ಸೋಂಕು ಕಿವಿಯ ರಂಧ್ರದಿಂದ ತಲೆಬುರುಡೆಯ ಮೂಳೆಗೆ ಇಳಿದು ಮುಖದ ನರವನ್ನು ಕೆಡಿಸುವ ಒಂದು ಗಂಭೀರ ಕಾಯಿಲೆ ಅವರಲ್ಲಿ ಕಂಡುಬರುತ್ತದೆ. ಅದಕ್ಕೆ ಬೇಕಾದ ಔಷಧವೇ ಬೇರೆ, ಸ್ಟೀರಾಯ್ಡ್ ಅದನ್ನು ಕೆರಳಿಸುತ್ತದೆ. ಹಾಗಾಗಿ ನೋವು ಎಷ್ಟು ದಿನದ್ದು, ಕೀವು ಇತ್ತೇ ಎಂಬ ಎರಡು ಪ್ರಶ್ನೆಗಳನ್ನು ಬಿಡುವಂತಿಲ್ಲ. ನಮ್ಮ ಬೆಳೆಗಾರರಿಗೆ ನೋವು ನಾಲ್ಕು ದಿನದ್ದು, ಕೀವಿಲ್ಲ, ಗುಳ್ಳೆಗಳು ಸ್ಪಷ್ಟವಾಗಿವೆ. ರೋಗ ನಿಶ್ಚಯವಾಗಿದೆ.

ಈಗ ಔಷಧದ ವಿಷಯ. ಇಲ್ಲಿ ಕೊಡುವ ವೈರಸ್ ನಿರೋಧಕ ಏಸಿಕ್ಲೋವಿರ್ ವೈರಸ್ಸನ್ನು ಕೊಲ್ಲುವ ವಿಷವಲ್ಲ, ಅದು ಒಂದು ಖೊಟ್ಟಿ ಇಟ್ಟಿಗೆ. ವೈರಸ್ಸು ತನ್ನ ಪ್ರತಿ ಮಾಡಿಕೊಳ್ಳಲು ಡಿಎನ್‌ಎ ಎಂಬ ಉದ್ದ ಸರಪಳಿಯನ್ನು ಒಂದೊಂದೇ ತುಣುಕು ಸೇರಿಸಿ ಕಟ್ಟಬೇಕು. ಏಸಿಕ್ಲೋವಿರ್ ನೋಡಲು ಅಂತಹ ಒಂದು ತುಣುಕಿನಂತೆಯೇ ಇರುತ್ತದೆ, ಆದರೆ ಮುಂದಿನ ತುಣುಕನ್ನು ಸಿಕ್ಕಿಸಿಕೊಳ್ಳುವ ಕೊಂಡಿ ಅದರಲ್ಲಿಲ್ಲ. ಅದು ಸರಪಳಿಗೆ ಸೇರಿದ ಜಾಗದಲ್ಲೇ ಕಟ್ಟಡ ನಿಂತುಬಿಡುತ್ತದೆ. ಸೊಗಸಾದ ಸಂಗತಿಯೆಂದರೆ, ನುಂಗಿದ ರೂಪದಲ್ಲಿ ಅದು ನಿಷ್ಕ್ರಿಯ. ಅದನ್ನು ಚುರುಕುಗೊಳಿಸುವ ಮೊದಲ ಹೆಜ್ಜೆಯನ್ನು ವೈರಸ್ಸಿನದೇ ಒಂದು ಕಿಣ್ವ ಮಾಡಬೇಕಾಗಿರುವುದರಿಂದ, ವೈರಸ್ಸು ಹೊಕ್ಕ ಕೋಶಗಳಲ್ಲಿ ಮಾತ್ರ ಅದು ಹೆಚ್ಚಾಗಿ ಕೆಲಸ ಮಾಡುತ್ತದೆ, ಆರೋಗ್ಯವಂತ ಕೋಶಗಳನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಈ ಬಗೆಯ ಔಷಧಗಳಿಗೆ ದಾರಿ ತೆರೆದ ಸಂಶೋಧನೆಗಾಗಿ ಗರ್ಟ್ರೂಡ್ ಎಲಿಯನ್ ಅವರು 1988ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು.

ಕಾಲ ಏಕೆ ಮುಖ್ಯ ಎಂಬುದು ಈ ಕೆಲಸದ ರೀತಿಯಲ್ಲೇ ಅಡಗಿದೆ. ಪ್ರತಿ ಮಾಡಿಕೊಳ್ಳುತ್ತಿರುವ ವೈರಸ್ಸನ್ನು ಮಾತ್ರ ಈ ಔಷಧ ತಡೆಯಬಲ್ಲದು. ಮಲಗಿರುವ ವೈರಸ್ಸಿನ ಮೇಲೆ ಅದರ ಆಟ ನಡೆಯುವುದಿಲ್ಲ, ಈಗಾಗಲೇ ಕೆಟ್ಟ ನರದ ಎಳೆಯನ್ನು ಅದು ರಿಪೇರಿ ಮಾಡುವುದಿಲ್ಲ, ಮೂಳೆಯ ಕೊಳವೆಯಲ್ಲಿ ಆಗಿಹೋದ ಊತವನ್ನು ಇಳಿಸುವುದೂ ಇಲ್ಲ. ಸಾಮಾನ್ಯ ಆರೋಗ್ಯವಿರುವ ವ್ಯಕ್ತಿಯಲ್ಲಿ ವೈರಸ್ಸಿನ ಈ ಹುಚ್ಚು ಬೆಳವಣಿಗೆ ಮೊದಲ ಕೆಲವೇ ದಿನಗಳದ್ದು. ಹೊಸ ಗುಳ್ಳೆಗಳು ಮೂರರಿಂದ ಐದು ದಿನ ಏಳುತ್ತವೆ, ಆಮೇಲೆ ದೇಹವೇ ಹತೋಟಿಗೆ ತರುತ್ತದೆ. ಆ ದಿನಗಳು ಕಳೆದ ಮೇಲೆ ಔಷಧ ಕೊಟ್ಟರೆ ಬೆಂಕಿ ಆರಿದ ಮೇಲೆ ನೀರು ಎರಚಿದಂತೆ. ಇತ್ತ ನರದಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ. ಒತ್ತಡಕ್ಕೆ ಸಿಕ್ಕ ನರ ಮೊದಲು ಸುದ್ದಿ ಸಾಗಿಸುವುದನ್ನು ಮಾತ್ರ ನಿಲ್ಲಿಸುತ್ತದೆ, ಎಳೆ ಜೀವಂತವಾಗಿಯೇ ಇರುತ್ತದೆ. ಒತ್ತಡ ಇಳಿದರೆ ವಾರಗಳಲ್ಲೇ ಪೂರ್ತಿ ಚೇತರಿಸಿಕೊಳ್ಳುತ್ತದೆ. ಪೆಟ್ಟು ಮುಂದುವರಿದರೆ ಎಳೆ ತುಂಡಾಗಿ, ಆ ಜಾಗದಿಂದ ಮುಖದ ಕಡೆಗಿನ ಭಾಗ ಪೂರ್ತಿ ಕರಗುತ್ತದೆ. ಆ ಕರಗುವಿಕೆಗೆ ಮೂರು ನಾಲ್ಕು ದಿನ ಬೇಕಾಗುವುದರಿಂದ, ಮೊದಲ ಮೂರು ದಿನಗಳಲ್ಲಿ ಕಿವಿಯ ಕೆಳಗೆ ವಿದ್ಯುತ್ ಸ್ಪರ್ಶ ಕೊಟ್ಟು ಪರೀಕ್ಷಿಸಿದರೆ ಸತ್ತ ಎಳೆಯೂ ಬದುಕಿದ್ದಂತೆ ಸ್ಪಂದಿಸುತ್ತದೆ. ನರದ ಹಾನಿಯನ್ನು ಅಳೆಯಬಲ್ಲ ದಿನ ಬರುವ ಹೊತ್ತಿಗೆ ಹಾನಿಯನ್ನು ತಡೆಯಬಲ್ಲ ದಿನಗಳು ಮುಗಿಯುತ್ತಾ ಬಂದಿರುತ್ತವೆ. ಆದ್ದರಿಂದಲೇ ‘ನಾಲ್ಕು ದಿನ ನೋಡೋಣ, ಸರಿಹೋಗದಿದ್ದರೆ ಔಷಧ ಕೊಡೋಣ’ ಎಂಬ ನಿರ್ಧಾರ ಈ ಕಾಯಿಲೆಯಲ್ಲಿ ಎಚ್ಚರಿಕೆಯದ್ದಲ್ಲ, ಅಪಾಯದ್ದು.

ಇದಕ್ಕೆ ಬೆಂಬಲವಾಗಿ ಎಲ್ಲರೂ ಉಲ್ಲೇಖಿಸುವುದು 1997ರಲ್ಲಿ ಜಪಾನಿನ ಮುರಕಾಮಿ ಮತ್ತು ಸಂಗಡಿಗರು ಪ್ರಕಟಿಸಿದ 80 ರೋಗಿಗಳ ಅಧ್ಯಯನವನ್ನು. ಎಲ್ಲರಿಗೂ ಏಸಿಕ್ಲೋವಿರ್ ಮತ್ತು ಸ್ಟೀರಾಯ್ಡ್ ಎರಡೂ ಸಿಕ್ಕಿದ್ದವು, ಸಿಕ್ಕ ದಿನ ಮಾತ್ರ ಬೇರೆ. ಮುಖ ಸೋತ ಮೊದಲ ಮೂರು ದಿನಗಳೊಳಗೆ ಚಿಕಿತ್ಸೆ ಶುರುವಾದವರಲ್ಲಿ 75 ಪ್ರತಿಶತ ಮಂದಿಯ ಮುಖ ಪೂರ್ತಿ ಸರಿಹೋಯಿತು. ನಾಲ್ಕರಿಂದ ಏಳನೆಯ ದಿನದ ನಡುವೆ ಶುರುವಾದವರಲ್ಲಿ 48 ಪ್ರತಿಶತ. ಏಳು ದಿನ ದಾಟಿದವರಲ್ಲಿ 30 ಪ್ರತಿಶತ. ಈ ಇಳಿಜಾರು ಕಣ್ಣಿಗೆ ಹೊಡೆಯುವಂತಿದೆ, ಆದರೆ ಅದನ್ನು ಓದುವಾಗ ಒಂದು ಎಚ್ಚರ ಬೇಕು. ರೋಗಿಗಳನ್ನು ಚೀಟಿ ಎತ್ತಿ ಗುಂಪುಗಳಿಗೆ ಹಂಚಿದ ಪ್ರಯೋಗ ಇದಲ್ಲ, ನಡೆದುಹೋದದ್ದನ್ನು ಹಿಂತಿರುಗಿ ನೋಡಿದ ಲೆಕ್ಕ. ಚೀಟಿ ಎತ್ತಿ ಹಂಚಿದ ಪ್ರಯೋಗಗಳನ್ನು 2008ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಹುಡುಕಿದಾಗ ಸಿಕ್ಕದ್ದು ಕೇವಲ ಹದಿನೈದು ರೋಗಿಗಳ ಒಂದೇ ಒಂದು ಪ್ರಯೋಗ, ಅದರಲ್ಲಿ ವೈರಸ್ ನಿರೋಧಕದ ಲಾಭ ಸಾಬೀತಾಗಲಿಲ್ಲ. ಹದಿನೈದು ಜನರಲ್ಲಿ ಲಾಭ ಕಾಣಲಿಲ್ಲವೆಂದರೆ ಲಾಭವಿಲ್ಲವೆಂದಲ್ಲ. ಅಷ್ಟು ಸಣ್ಣ ಸಂಖ್ಯೆ ಏನನ್ನೂ ಹೇಳಲಾರದು. ದೇಹದ ಬೇರೆಡೆಯ ಸರ್ಪಸುತ್ತಿನಲ್ಲಿ ಈ ಔಷಧ ಹೊಸ ಗುಳ್ಳೆಗಳನ್ನು ಬೇಗ ನಿಲ್ಲಿಸುತ್ತದೆ ಎಂಬುದು ದೊಡ್ಡ ಪ್ರಯೋಗಗಳಲ್ಲಿ ಸ್ಥಿರಪಟ್ಟಿರುವುದರಿಂದಲೂ, ಒಂದು ವಾರದ ಮಾತ್ರೆಯ ಅಪಾಯ ಕಡಿಮೆಯಾಗಿದ್ದು ಕಳೆದುಕೊಳ್ಳುವುದು ಮುಖವೇ ಆಗಿರುವುದರಿಂದಲೂ, ಬೇಗ ಕೊಡುವ ಪಕ್ಷವೇ ಸರಿಯೆಂದು ವೈದ್ಯರು ನಿರ್ಧರಿಸುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ. ಮೂರು ದಿನ ಎಂಬುದು ಬಾಗಿಲು ಧಡಾರನೆ ಮುಚ್ಚುವ ಗಡುವೂ ಅಲ್ಲ. ಐದನೆಯ ದಿನ ಬಂದವರಿಗೂ, ಹೊಸ ಗುಳ್ಳೆ ಏಳುತ್ತಿರುವವರಿಗೂ, ರೋಗನಿರೋಧಕ ಶಕ್ತಿ ಕುಂದಿದವರಿಗೂ ಔಷಧ ಕೊಡುತ್ತಾರೆ.

ನಮ್ಮ ಬೆಳೆಗಾರರು ಗುರುವಾರ ಮಧ್ಯಾಹ್ನವೇ ತಾಲ್ಲೂಕು ಆಸ್ಪತ್ರೆ ತಲುಪಿದರೆಂದು ಇಟ್ಟುಕೊಳ್ಳೋಣ. ಮುಖ ಸೋತ ಮೊದಲ ದಿನ ಅದು. ವಯಸ್ಕರಿಗೆ ಏಸಿಕ್ಲೋವಿರ್ 800 ಮಿಲಿಗ್ರಾಂ ಮಾತ್ರೆ ದಿನಕ್ಕೆ ಐದು ಬಾರಿ, ಏಳರಿಂದ ಹತ್ತು ದಿನ. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ನುಂಗಿದ ಏಸಿಕ್ಲೋವಿರ್‌ನಲ್ಲಿ ರಕ್ತ ಸೇರುವುದು ಐದನೆಯ ಒಂದು ಭಾಗದಷ್ಟೇ, ಸೇರಿದ್ದೂ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಇಲ್ಲಿ ಬಹಳ ಸಾಮಾನ್ಯವಾದ ಒಂದು ತಪ್ಪಿದೆ. ತುಟಿಯ ಮೇಲಿನ ಗುಳ್ಳೆಗೆ ಕಾರಣವಾಗುವ ಹರ್ಪಿಸ್ ವೈರಸ್ಸಿಗೆ 200 ಅಥವಾ 400 ಮಿಲಿಗ್ರಾಂ ಸಾಕು. ಅದೇ ಪ್ರಮಾಣವನ್ನು ಸರ್ಪಸುತ್ತಿಗೂ ಕೊಟ್ಟುಬಿಡುತ್ತಾರೆ. ಸರ್ಪಸುತ್ತಿನ ವೈರಸ್ಸು ಈ ಔಷಧಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಕಡಿಮೆ ಪ್ರಮಾಣ ಕೊಟ್ಟರೆ ಕೊಟ್ಟಂತೆಯೇ ಅಲ್ಲ. ಕಿವಿಯ ಗುಳ್ಳೆಗೆ ಏಸಿಕ್ಲೋವಿರ್ ಮುಲಾಮು ಹಚ್ಚುವುದೂ ಹಾಗೆಯೇ. ಅದು ಚರ್ಮದಲ್ಲೇ ಉಳಿಯುತ್ತದೆ, ಮೂಳೆಯೊಳಗಿನ ಗಂಟನ್ನು ತಲುಪುವುದಿಲ್ಲ. ಐದು ಹೊತ್ತಿನ ಮಾತ್ರೆ ಕಷ್ಟವೆನ್ನುವವರಿಗೆ ವ್ಯಾಲಸಿಕ್ಲೋವಿರ್ 1000 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ ಕೊಡುತ್ತಾರೆ; ದೇಹದೊಳಗೆ ಅದು ಏಸಿಕ್ಲೋವಿರ್ ಆಗಿಯೇ ಬದಲಾಗುತ್ತದೆ, ಆದರೆ ಹೆಚ್ಚು ಪಾಲು ರಕ್ತ ಸೇರುತ್ತದೆ, ಬೆಲೆಯೂ ಹೆಚ್ಚು. ತೀವ್ರ ತಲೆಸುತ್ತು ಮತ್ತು ವಾಂತಿಯಿಂದ ಮಾತ್ರೆ ನಿಲ್ಲದವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ.

ಇದರ ಜೊತೆಗೆ ನರದ ಊತ ಇಳಿಸಲು ಸ್ಟೀರಾಯ್ಡ್ ಬೇಕು, ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ ಒಂದು ಮಿಲಿಗ್ರಾಂನಂತೆ, ಹೆಚ್ಚೆಂದರೆ ದಿನಕ್ಕೆ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್. ಐದು ದಿನಗಳ ನಂತರ ಇಳಿಸುತ್ತಾ ನಿಲ್ಲಿಸುತ್ತಾರೆ. ಒಂದು ವೈರಸ್ಸನ್ನು ತಡೆಯುತ್ತದೆ, ಇನ್ನೊಂದು ಇಕ್ಕಟ್ಟನ್ನು ಸಡಿಲಿಸುತ್ತದೆ. ಸಕ್ಕರೆ ಕಾಯಿಲೆಯ ನಮ್ಮ ರೋಗಿಗೆ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ, ಅದರಲ್ಲೂ ಮಧ್ಯಾಹ್ನದ ಮೇಲೆ. ಅದಕ್ಕಾಗಿ ಸ್ಟೀರಾಯ್ಡ್ ಬಿಡುವುದಕ್ಕಿಂತ ದಿನವೂ ಸಕ್ಕರೆ ನೋಡಿಕೊಂಡು, ಬೇಕಾದರೆ ಕೆಲವು ದಿನ ಇನ್ಸುಲಿನ್ ಸೇರಿಸುವುದು ವೈದ್ಯರು ಸಾಮಾನ್ಯವಾಗಿ ಹಿಡಿಯುವ ದಾರಿ. ಔಷಧ ಶುರುಮಾಡುವ ದಿನವೇ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆಗೆ ಕೊಡಬೇಕು. ಮೂತ್ರಪಿಂಡ ಕುಂದಿದವರಲ್ಲಿ ಏಸಿಕ್ಲೋವಿರ್ ಹೊರಹೋಗದೆ ಉಳಿದು ಗೊಂದಲ, ನಡುಕ, ಅಸಂಬದ್ಧ ಮಾತು ಉಂಟುಮಾಡಬಲ್ಲದು. ಪ್ರಮಾಣವನ್ನು ಅದಕ್ಕೆ ತಕ್ಕಂತೆ ಇಳಿಸಬೇಕು, ಚೆನ್ನಾಗಿ ನೀರು ಕುಡಿಯಬೇಕು. ಈ ಕಾರಣಕ್ಕೇ ಇದು ಅಂಗಡಿಯಿಂದ ನೇರವಾಗಿ ಕೊಂಡು ನುಂಗುವ ಮಾತ್ರೆಯಲ್ಲ.

ಅಷ್ಟೇ ತುರ್ತಾದ ಇನ್ನೊಂದು ಕೆಲಸ ಕಣ್ಣಿನದು, ಬಹಳ ಕಡೆ ಮರೆತುಹೋಗುವುದೂ ಅದೇ. ಮುಚ್ಚದ ಕಣ್ಣು ಒಣಗುತ್ತದೆ, ಧೂಳು ಬಿದ್ದರೂ ರೆಪ್ಪೆ ಒರೆಸುವುದಿಲ್ಲ, ಕಣ್ಣೀರೂ ಕಡಿಮೆ. ಕೆಲವೇ ದಿನಗಳಲ್ಲಿ ಕಣ್ಣಿನ ಪಾರದರ್ಶಕ ಪೊರೆಯಲ್ಲಿ ಹುಣ್ಣಾಗಿ ಶಾಶ್ವತ ಕಲೆ ಉಳಿಯಬಹುದು. ಹಗಲಿನಲ್ಲಿ ಒಂದೆರಡು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ, ಮಲಗುವಾಗ ಕಣ್ಣಿನ ಮುಲಾಮು ಹಚ್ಚಿ ರೆಪ್ಪೆಯನ್ನು ಕೈಯಿಂದ ಪೂರ್ತಿ ಮುಚ್ಚಿ ಅಂಟುಪಟ್ಟಿ, ಹೊರಗೆ ಹೋಗುವಾಗ ಅಗಲವಾದ ಕನ್ನಡಕ. ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಇದೇ ರೋಗಿ ಆಸ್ಪತ್ರೆಯ ಬದಲು ಸರ್ಪಸುತ್ತಿಗೆ ಮಂತ್ರ ಹಾಕಿ ಕೆಮ್ಮಣ್ಣು ಹಚ್ಚುವವರ ಬಳಿ ಹೋಗಿದ್ದರೆ ಏನಾಗುತ್ತಿತ್ತು? ಗುಳ್ಳೆಗಳು ಎರಡು ಮೂರು ವಾರಗಳಲ್ಲಿ ಒಣಗುತ್ತಿದ್ದವು. ಚರ್ಮದ ಗುಳ್ಳೆ ಯಾವ ಚಿಕಿತ್ಸೆಯಿಲ್ಲದೆಯೂ ಒಣಗುತ್ತದೆ, ಲೇಪಕ್ಕೆ ಹೆಸರು ಬರುವುದು ಅದರಿಂದಲೇ. ಪಕ್ಕೆಯ ಸರ್ಪಸುತ್ತಿನಲ್ಲಿ ಈ ನಂಬಿಕೆಯಿಂದ ಆಗುವ ನಷ್ಟ ಅನೇಕರಲ್ಲಿ ಹೊರಗೆ ಕಾಣುವುದಿಲ್ಲ. ಕಿವಿಯಲ್ಲಿ ಮಾತ್ರ, ಚರ್ಮ ಚೊಕ್ಕಟವಾದ ದಿನ ನರ ಕರಗಿ ಮುಗಿದಿರುತ್ತದೆ. ಹಿರಿಯರ ಸಮಾಧಾನಕ್ಕೆ ಪೂಜೆ ಮಾಡಿಸುವುದಿದ್ದರೆ ಮಾಡಿಸಲಿ, ಆದರೆ ಮೊದಲ ಮಾತ್ರೆ ನುಂಗಿದ ಮೇಲೆ. ಕಿವಿಗೆ ಏನನ್ನೂ ಹಚ್ಚದಿರಲಿ, ನಾಳೆ ಪರೀಕ್ಷಿಸುವ ವೈದ್ಯರಿಗೆ ಗುಳ್ಳೆ ಕಾಣಬೇಕು. ಗುಳ್ಳೆಗಳು ಹಕ್ಕಳೆಗಟ್ಟುವವರೆಗೆ ಮನೆಯ ಬಸುರಿಯರು ಮತ್ತು ಹಸುಗೂಸುಗಳು ರೋಗಿಯ ಹತ್ತಿರ ಬರದಿರುವುದು ಒಳ್ಳೆಯದು. ರೋಗಿಯಿಂದ ಬೇರೆಯವರಿಗೆ ಸರ್ಪಸುತ್ತು ಹರಡುವುದಿಲ್ಲ, ಆದರೆ ಗುಳ್ಳೆಯ ನೀರು ತಗುಲಿದರೆ ಹಿಂದೆ ಸೀತಾಳೆ ಸಿಡುಬು ಬಾರದವರಿಗೆ ಅದು ಬರಬಹುದು.

ಚಿಕಿತ್ಸೆ ಶುರುವಾದ ಮೇಲೂ ಶುಕ್ರವಾರ, ಶನಿವಾರ ಮುಖ ಇನ್ನಷ್ಟು ಸೋಲಬಹುದು. ಮೊದಲ ವಾರದಲ್ಲಿ ಹೀಗಾಗುವುದುಂಟು. ಮಾತ್ರೆ ನಾಟಲಿಲ್ಲವೆಂದು ಆಗ ಬಿಟ್ಟುಬಿಡುವುದು ದೊಡ್ಡ ತಪ್ಪು. ನರ ಬರೀ ಮೌನವಾಗಿದ್ದರೆ ಮೂರರಿಂದ ಆರು ವಾರಗಳಲ್ಲಿ ಹುಬ್ಬಿನಲ್ಲೋ ತುಟಿಯ ಮೂಲೆಯಲ್ಲೋ ಸಣ್ಣ ಅಲುಗಾಟ ಕಾಣುತ್ತದೆ. ಎಳೆಗಳು ತುಂಡಾಗಿದ್ದರೆ ಅವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬೇಕು, ತಿಂಗಳುಗಳು ಬೇಕಾಗುತ್ತವೆ, ಬೆಳೆಯುವಾಗ ದಾರಿಯನ್ನೂ ತಪ್ಪುತ್ತವೆ. ಬಾಯಿಗೆ ಹೋಗಬೇಕಾದ ಎಳೆ ರೆಪ್ಪೆಗೆ ಸೇರಿದರೆ ನಕ್ಕಾಗ ಕಣ್ಣು ಮುಚ್ಚುತ್ತದೆ. ಜೊಲ್ಲಿನ ಗ್ರಂಥಿಯ ಎಳೆ ಕಣ್ಣೀರಿನ ಗ್ರಂಥಿಗೆ ಸೇರಿದರೆ ಊಟ ಮಾಡುವಾಗ ಕಣ್ಣೀರು ಸುರಿಯುತ್ತದೆ. ಆ ಹಂತದಲ್ಲಿ ಬಲವಾಗಿ ಮುಖ ಕಿವುಚುವ ವ್ಯಾಯಾಮ ತಪ್ಪು ಜೋಡಣೆಗಳನ್ನೇ ಗಟ್ಟಿ ಮಾಡುತ್ತದೆಂದು ಫಿಸಿಯೊಥೆರಪಿ ತಜ್ಞರು ಎಚ್ಚರಿಸುತ್ತಾರೆ. ಅವರು ಕಲಿಸುವುದು ಕನ್ನಡಿಯ ಮುಂದೆ ನಿಧಾನವಾಗಿ, ಕಣ್ಣು ಅಗಲವಾಗಿ ತೆರೆದಿಟ್ಟುಕೊಂಡೇ ತುಟಿಯನ್ನು ಎಷ್ಟು ಸರಿಸಬಹುದೋ ಅಷ್ಟೇ ಸರಿಸುವ ಸಣ್ಣ ಚಲನೆಗಳನ್ನು. ಸೆಳೆತ ಹೆಚ್ಚಿದ್ದರೆ ಬೊಟುಲಿನಮ್ ಚುಚ್ಚುಮದ್ದು ಕೆಲವು ತಿಂಗಳ ಮಟ್ಟಿಗೆ ಸಡಿಲಿಸುತ್ತದೆ. ಮೂರು ತಿಂಗಳು ಕಳೆದರೂ ಮುಖ ಒಂದಿಷ್ಟೂ ಅಲುಗಾಡದಿದ್ದರೆ, ಅಥವಾ ಸೋಲು ವಾರಗಟ್ಟಲೆ ಮೆಲ್ಲಮೆಲ್ಲನೆ ಏರುತ್ತಲೇ ಇದ್ದರೆ, ನರದ ಮೇಲೆ ಗಡ್ಡೆ ಒತ್ತುತ್ತಿದೆಯೇ ಎಂದು ಎಂಆರ್‌ಐ ಮಾಡಿಸಿ ನೋಡಬೇಕು, ಏಕೆಂದರೆ ಸರ್ಪಸುತ್ತಿನಿಂದ ಬಂದ ಸೋಲು ಸಾಮಾನ್ಯವಾಗಿ ಹಾಗೆ ನಡೆದುಕೊಳ್ಳುವುದಿಲ್ಲ.